ಮದುವಿ ಆದಮ್ಯಾಲೆ ಬ್ಯಾಂಕಿನ್ಯಾಗ ಹೆಸರು ಬದಲಿ: ಮೊದಲು ಯಾವ ಕಾಗದ?

ಸವಿತಾ, ಬೆಟಗೇರಿ: ಮದುವಿ ಆಗಿ ಹುಬ್ಬಳ್ಳಿಗೆ ಬಂದೇನ್ರಿ. ಆಧಾರದಾಗ SAVITA SHIVAPPA ANGADI ಅಂತ ಐತಿ, ಪ್ಯಾನ್ ಕಾರ್ಡಿನ್ಯಾಗ SAVITHA SHIVAPPA ANGADI, ಗದಗ ಶಾಖೆಯ ಪಾಸ್‌ಬುಕ್ಕಿನ್ಯಾಗ SAVITHA S ANGADI. ಈಗ ಎಲ್ಲಾ ಕಡೆ SAVITA MAHESH HIREMATH ಆಗಬೇಕು. ಬ್ಯಾಂಕಿನವರು ಆಧಾರ ಮಾಡಿಸ್ಕೊಂಡ ಬರ್ರಿ ಅಂತಾರ, ಆಧಾರದವರು ಮ್ಯಾರೇಜ್ ಸರ್ಟಿಫಿಕೇಟ್ ತರ್ರಿ ಅಂತಾರ. ಪ್ಯಾನ್-ಆಧಾರ ಲಿಂಕೂ ಆಗಿಲ್ಲ, ಹೆಸರು ಹೊಂದಲಿಲ್ಲ ಅಂತ ಬಂದಿತ್ತು. ಎಲ್ಲಿಂದ ಶುರು ಮಾಡ್ಲಿ?

ಮಂಜುನಾಥ, ಹಾವೇರಿ: ಅಕ್ಕಾರ, ಬಾಂಡ್ ಪೇಪರ್ ಮ್ಯಾಲೆ ಅಫಿಡವಿಟ್ ಮಾಡಿಸ್ರಿ, ನೋಟರಿ ಸಹಿ ಹಾಕಸ್ರಿ, ಎರಡು ಪೇಪರಿನ್ಯಾಗ ಜಾಹೀರಾತು ಕೊಡ್ರಿ, ಆಮ್ಯಾಲೆ ಗೆಜೆಟ್. ಅದಿಲ್ಲದ ಯಾವ ಬ್ಯಾಂಕೂ ಹೆಸರು ಮುಟ್ಟಂಗಿಲ್ಲ.

ಗಿರಿಜಾ, ಧಾರವಾಡ (ಬ್ಯಾಂಕ್ ಶಾಖೆಯಲ್ಲಿ ಕೆವೈಸಿ ನೋಡಿಕೊಳ್ಳುವವರು): ಮಂಜುನಾಥ ಅವರೇ, ನೀವು ಹೇಳಿದ ದಾರಿ ಸ್ವಂತ ಹೆಸರನ್ನೇ ಬದಲಿಸುವವರಿಗೆ. ತವರಿನ SAVITA ಅತ್ತೆಮನೆಯಲ್ಲಿ LAKSHMI ಆದರೆ ಮದುವೆ ಪತ್ರವೊಂದರಿಂದ ಕೆಲಸ ಆಗುವುದಿಲ್ಲ, ಅಲ್ಲಿ ಗೆಜೆಟ್ ಬೇಕೇ ಬೇಕು. ಇವರ ಮೊದಲ ಹೆಸರು ಹಾಗೇ ಇದೆ. ಬದಲಾಗಿರುವುದು ನಡುವಿನ ತಂದೆಯ ಹೆಸರು, ಕೊನೆಯ ಅಡ್ಡಹೆಸರು. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಇದಕ್ಕೆ ಉತ್ತರವಿದೆ. ಗುರುತಿನ ದಾಖಲೆ ಕೊಟ್ಟ ಮೇಲೆ ಹೆಸರು ಬದಲಾಗಿದ್ದರೆ, ಅದನ್ನು ತೋರಿಸುವ ಸರ್ಕಾರಿ ಮದುವೆ ಪ್ರಮಾಣಪತ್ರ ಇಲ್ಲವೇ ಗೆಜೆಟ್ ಜೊತೆಗಿಟ್ಟರೆ ಹಳೆಯ ದಾಖಲೆಯೂ ನಡೆಯುತ್ತದೆ. ‘ಇಲ್ಲವೇ’ ಎಂಬ ಪದ ನೋಡಿ, ಎರಡೂ ಬೇಕೆಂದಿಲ್ಲ.

ಸವಿತಾ ಅವರೇ, ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರದಿಂದ ಶುರು ಮಾಡಿ. ಕಲ್ಯಾಣ ಮಂಟಪದ ರಸೀದಿ, ಮಠದಲ್ಲಿ ಕೊಟ್ಟ ಪತ್ರ, ಲಗ್ನಪತ್ರಿಕೆ ಇವುಗಳನ್ನು ಬ್ಯಾಂಕು ಒಪ್ಪುವುದಿಲ್ಲ. ಅದಾದ ಮೇಲೆ ಆಧಾರ, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕು. ನಿಯಮದ ಪ್ರಕಾರ ಹಳೆಯ ಆಧಾರ ಮತ್ತು ಮದುವೆ ಪತ್ರ ಹಿಡಿದು ನೇರ ಬ್ಯಾಂಕಿಗೇ ಹೋಗಬಹುದು. ಆದರೆ ನಿಮ್ಮ ವಿಷಯದಲ್ಲಿ ಅದು ಬೇಡ ಅನ್ನುತ್ತೇನೆ. ಬ್ಯಾಂಕಿನಲ್ಲಿ HIREMATH ಆಗಿ ಪ್ಯಾನ್ ANGADI ಆಗಿಯೇ ಉಳಿದರೆ, ಶಾಖೆಯವರು ಪ್ಯಾನ್ ಪರಿಶೀಲನೆಗೆ ಹಾಕಿದಾಗ ಹೆಸರು ಹೊಂದುವುದಿಲ್ಲ. ಈಗ ಇರುವ ಒಂದು ತೊಡಕು ಎರಡಾಗುತ್ತದೆ.

ಅದಕ್ಕೂ ಮೊದಲು ಒಂದು ಹಾಳೆ ತಗೊಂಡು ಹೊಸ ಹೆಸರನ್ನು ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಒಮ್ಮೆ ಬರೆದಿಡಿ. ನಮ್ಮ ಕಡೆ ‘ತ’ಕಾರಕ್ಕೆ T ಬರೆಯುವ ರೂಢಿ, ಬೆಂಗಳೂರು, ಮೈಸೂರು ಕಡೆ TH. ಕನ್ನಡದಲ್ಲಿ ಓದಿದರೆ SAVITA, SAVITHA ಎರಡೂ ಸವಿತಾನೇ, ಕೌಂಟರಿನಲ್ಲಿ ಕುಳಿತವರಿಗೂ ಅದು ತಪ್ಪೆನಿಸುವುದಿಲ್ಲ. ಕಂಪ್ಯೂಟರ್ ಮಾತ್ರ ಕನ್ನಡ ಓದುವುದಿಲ್ಲ, ಅಕ್ಷರ ಎಣಿಸುತ್ತದೆ. ನಿಮ್ಮ ಲಿಂಕ್ ನಿಂತದ್ದು ಬಹುತೇಕ ಆ ಒಂದು H ದೆಸೆಯಿಂದ. HIREMATH ಕೊನೆಯ TH ಬಗ್ಗೆಯೂ ಈಗಲೇ ತೀರ್ಮಾನಿಸಿ. ಯಜಮಾನರ ಆಧಾರದಲ್ಲಿ ಹೇಗಿದೆಯೋ ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಮಕ್ಕಳ ದಾಖಲೆಗೆ ಅದೇ ಬರುತ್ತದೆ.

ಆಧಾರದಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಮೊದಲೊಮ್ಮೆ ಬದಲಿಸಿದ್ದರೆ ಇದೇ ನಿಮ್ಮ ಕೊನೆಯ ಸರದಿ. ಆಮೇಲೆ ಗೆಜೆಟ್ ಹಿಡಿದು ಪ್ರಾದೇಶಿಕ ಕಚೇರಿಗೆ ಬರೆದುಕೊಳ್ಳಬೇಕಾಗುತ್ತದೆ. ಹಾಗಾಗಿ ಸೆಂಟರಿನಲ್ಲಿ ಅವಸರ ಬೇಡ. ಆಪರೇಟರ್ ಇಂಗ್ಲಿಷಿನಲ್ಲಿ ಟೈಪ್ ಮಾಡಿದಂತೆ ಕನ್ನಡ ಸಾಲು ತಾನೇ ಮೂಡುತ್ತದೆ. ಅಲ್ಲಿ ಹಿರೇಮಠ ಹೋಗಿ ‘ಹಿರೇಮತ್’ ಆಗಿರುವುದುಂಟು. ನಿಮ್ಮ ಕಡೆ ತಿರುಗಿಸಿದ ಪರದೆಯಲ್ಲಿ ಎರಡೂ ಸಾಲು ಓದಿ, ಆಮೇಲೆ ಕೊಡುವ ಚೀಟಿಯಲ್ಲಿ ಇನ್ನೊಮ್ಮೆ ಓದಿ, ಅಲ್ಲಿಂದ ಏಳುವ ಮೊದಲೇ ತಿದ್ದಿಸಿ. ಹುಟ್ಟಿದ ದಿನಾಂಕ ಮುಟ್ಟಲು ಬಿಡಬೇಡಿ.

ಪ್ರಕಾಶ, ಹುಬ್ಬಳ್ಳಿ (ತೆರಿಗೆ ಸಲಹೆಗಾರ): ಪ್ಯಾನ್ ವಿಷಯ ನಾ ಹೇಳ್ತೀನಿ. ಹೊಸ ಪ್ಯಾನ್‌ಗೆ ಅರ್ಜಿ ಹಾಕಬ್ಯಾಡ್ರಿ. ನಂಬರ್ ಹಳೇದೇ ಇರಬೇಕು, ಒಬ್ಬರ ಹೆಸರಿಗೆ ಎರಡು ಪ್ಯಾನ್ ಇದ್ದರ 10,000 ರೂಪಾಯಿ ದಂಡ. ತಿದ್ದುಪಡಿ ಅರ್ಜಿ ಬ್ಯಾರೇನ ಐತಿ. ಅದರಾಗ ಬದಲಾಗಬೇಕಾದ ಸಾಲಿನ ಎಡಗಡೆ ಸಣ್ಣ ಚೌಕ ಇರ್ತದ, ಅದಕ್ಕ ಟಿಕ್ ಹಾಕಬೇಕು. ಟಿಕ್ ಹಾಕದ ಬರೀ ಹೊಸ ಹೆಸರು ಬರೆದು ಕಳಿಸಿದವರಿಗೆ ಹಳೇ ಹೆಸರಿನ ಕಾರ್ಡೇ ಮತ್ತ ಬರ್ತದ.

ಇನ್ನೊಂದು ಮಾತು. ತಂದೆಯ ಹೆಸರಿನ ಜಾಗದಾಗ ಮದುವಿ ಆದಮ್ಯಾಲೂ ತಂದೆಯ ಹೆಸರೇ ಬರೀಬೇಕು. ಅಲ್ಲಿ ಗಂಡನ ಹೆಸರು ಹಾಕೋದು ನಾ ನೋಡೋ ಅರ್ಜಿಗಳಾಗ ಎಲ್ಲಕ್ಕಿಂತ ಹೆಚ್ಚಿನ ತಪ್ಪು. ನಿಮ್ಮ ಹೆಸರಿನ ನಡುವ MAHESH ಬಂದರ ಬರಲಿ, ತಂದೆ ಮಾತ್ರ ಶಿವಪ್ಪನೇ.

ಆಧಾರ ಮೊದಲು ಸರಿ ಮಾಡಿಸಿದ್ರ ಆಧಾರ ಇ-ಕೆವೈಸಿ ಮ್ಯಾಲೇ ಪ್ಯಾನ್ ತಿದ್ದಬಹುದು, ಆಗ ಹೆಸರು ಅಲ್ಲಿಂದಲೇ ಬರ್ತದ, H ಜಗಳ ಉಳಿಯಂಗಿಲ್ಲ. ಅದು ಆದಮ್ಯಾಲೆ 1,000 ರೂಪಾಯಿ ಶುಲ್ಕ ಕಟ್ಟಿ ಲಿಂಕ್ ಮಾಡ್ರಿ. ಅಲ್ಲೀತನಕ ನಿಮ್ಮ ಪ್ಯಾನ್ ನಿಷ್ಕ್ರಿಯ ಅಂತ ಲೆಕ್ಕ. ವರ್ಷಕ್ಕ 60,000 ಬಡ್ಡಿ ಬರೋ ಠೇವಣಿ ಇದ್ದರ, 50,000 ದಾಟಿದ್ದಕ್ಕ ಬ್ಯಾಂಕು ತೆರಿಗೆ ಮುರೀತದ. ಪ್ಯಾನ್ ಸರಿ ಇದ್ದರ 10% ಅಂದ್ರ 6,000, ನಿಷ್ಕ್ರಿಯ ಇದ್ದರ 20% ಅಂದ್ರ 12,000. ಮುಂದ ರಿಟರ್ನ್ ಹಾಕಿದ್ರೂ, ಬ್ಯಾಂಕಿನ ಹೆಸರು ಪ್ಯಾನ್ ಹೆಸರಿಗೆ ಹೊಂದದಿದ್ದರ ತೆರಿಗೆ ಪೋರ್ಟಲ್‌ನ್ಯಾಗ ಖಾತೆ ದೃಢೀಕರಣ ಆಗಂಗಿಲ್ಲ, ರಿಫಂಡ್ ಅಲ್ಲೇ ಕೂಡ್ತದ.

ರೇಣುಕಾ, ರಾಣೆಬೆನ್ನೂರು: ಮೇಡಂ, ನಂದೂ ಹಿಂಗ ಐತ್ರಿ. ಬ್ಯಾಂಕಿನ್ಯಾಗ ಇನ್ನೂ ತವರಮನಿ ಹೆಸರು, ಅದಕ್ಕ ಗೃಹಲಕ್ಷ್ಮಿ 2,000 ಬರವಲ್ದು. ಹೆಸರು ಬದಲಿ ಮಾಡಿಸಿದ್ರ ಬರ್ತದೇನ್ರಿ?

ಗಿರಿಜಾ, ಧಾರವಾಡ: ರೇಣುಕಾ ಅವರೇ, ನಿಮ್ಮದು ಬೇರೆ ಗಂಟು. ಆ ಹಣ ಬರುವುದು ಹೆಸರು ನೋಡಿ ಅಲ್ಲ, ಖಾತೆ ನಂಬರ್ ನೋಡಿಯೂ ಅಲ್ಲ. ನಿಮ್ಮ ಆಧಾರ ನಂಬರಿಗೆ ಕೊನೆಯದಾಗಿ ಯಾವ ಬ್ಯಾಂಕು ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮೈಆಧಾರ್ ತಾಣದಲ್ಲಿ Bank Seeding Status ಒತ್ತಿ ಯಾವ ಬ್ಯಾಂಕು ತೋರಿಸುತ್ತದೆ ನೋಡಿ. ಎಂದೋ ತೆರೆದು ಮರೆತ ಖಾತೆ ಅಲ್ಲಿ ಕಂಡರೂ ಆಶ್ಚರ್ಯವಿಲ್ಲ. ಏನೂ ಜೋಡಣೆ ಇಲ್ಲವೆಂದು ಬಂದರೆ ಆಗ ಹೆಸರಿನ ಪ್ರಶ್ನೆ ಏಳುತ್ತದೆ, ಯಾಕೆಂದರೆ ಆಧಾರ ಜೋಡಿಸುವಾಗ ಶಾಖೆಯವರು ಎರಡೂ ಹೆಸರು ಒಂದೇ ವ್ಯಕ್ತಿಯದೋ ಎಂದು ನೋಡುತ್ತಾರೆ. ಜೊತೆಗೆ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಯಾರಿದ್ದಾರೆ ನೋಡಿ. ಅಲ್ಲಿ ಅತ್ತೆಯವರಿದ್ದರೆ ಬ್ಯಾಂಕಿಗೆ ಅಲೆದು ಏನೂ ಪ್ರಯೋಜನವಿಲ್ಲ.

ಸವಿತಾ ಅವರಿಗೆ ಬ್ಯಾಂಕಿನ ಕೊನೆಯ ಹೆಜ್ಜೆ. ಮದುವೆ ಪತ್ರ, ಹೊಸ ಆಧಾರ, ಹೊಸ ಪ್ಯಾನ್ ಮೂರರ ಮೂಲ ಪ್ರತಿ, ನೀವೇ ಸಹಿ ಮಾಡಿದ ಜೆರಾಕ್ಸ್, ಪಾಸ್‌ಬುಕ್, ಎರಡು ಫೋಟೋ ತಗೊಂಡು ಹೋಗಿ. ಸಾಧ್ಯವಾದರೆ ಗದಗದ ಮೂಲ ಶಾಖೆಗೇ ಹೋಗಿ, ನಿಮ್ಮ ಹಳೆಯ ಸಹಿ ಕಾರ್ಡು ಅಲ್ಲಿರುತ್ತದೆ. ಅರ್ಜಿಯಲ್ಲಿ ಖಾತೆ ನಂಬರ್ ಅಷ್ಟೇ ಬರೆಯದೆ ಗ್ರಾಹಕ ಐಡಿ ಬರೆಯಿರಿ. ಕಂಪ್ಯೂಟರಿನಲ್ಲಿ ಹೆಸರು ಎರಡು ಕಡೆ ಇರುತ್ತದೆ, ಗ್ರಾಹಕ ಐಡಿಯಲ್ಲಿ ಒಂದು, ಖಾತೆಯ ಶೀರ್ಷಿಕೆಯಲ್ಲಿ ಇನ್ನೊಂದು. ಒಂದನ್ನು ಬದಲಿಸಿ ಇನ್ನೊಂದು ಬಿಟ್ಟರೆ ಮೊಬೈಲ್ ಆ್ಯಪ್‌ನಲ್ಲಿ HIREMATH, ಪಾಸ್‌ಬುಕ್ಕಿನಲ್ಲಿ ANGADI ಕಾಣುತ್ತದೆ. ಕೆಲಸ ಆಯಿತು ಎಂದ ಕೂಡಲೇ ಪಾಸ್‌ಬುಕ್ಕಿನ ಮೊದಲ ಪುಟ ಹೊಸದಾಗಿ ಮುದ್ರಿಸಿಕೊಂಡು ನೋಡಿದರೆ ಇದು ಗೊತ್ತಾಗುತ್ತದೆ. ಎಫ್‌ಡಿ, ಎಟಿಎಂ ಕಾರ್ಡು, ಚೆಕ್‌ಬುಕ್ಕಿಗೆ ಬೇರೆಯಾಗಿ ಕೇಳಬೇಕು, ತಾನಾಗಿ ಬರುವುದಿಲ್ಲ.

ಸಹಿಯ ವಿಷಯ ಜನ ಮರೆಯುತ್ತಾರೆ. ‘ಸವಿತಾ ಅಂಗಡಿ’ ಎಂದು ಸಹಿ ಮಾಡುತ್ತಿದ್ದವರು ‘ಸವಿತಾ ಹಿರೇಮಠ’ ಎಂದು ಹೊಸ ಮಾದರಿ ಕೊಟ್ಟ ದಿನದಿಂದ, ಹಳೆಯ ಸಹಿ ಹಾಕಿ ಕೊಟ್ಟ ಚೆಕ್ಕು ‘ಸಹಿ ಹೊಂದುವುದಿಲ್ಲ’ ಎಂದು ವಾಪಸಾಗಬಹುದು. ಯಾರಿಗಾದರೂ ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದರೆ ಅದು ಪಾಸಾಗುವ ತನಕ ಕಾಯಿರಿ, ಇಲ್ಲವೇ ಬದಲಿಸಿ ಕೊಡಿ. ಹಳೆಯ ಸಹಿಯನ್ನೇ ಉಳಿಸಿಕೊಳ್ಳುವುದಕ್ಕೂ ಅಡ್ಡಿ ಇಲ್ಲ.

ಸವಿತಾ, ಬೆಟಗೇರಿ: ಉಪಕಾರ ಆತ್ರಿ. ಅಲ್ಲೀತನಕ ಪಗಾರ ನಿಲ್ಲತದೇನ್ರಿ? ಮತ್ತ ಮುಯ್ಯಿಯೊಳಗ ಯಾರೋ SAVITA HIREMATH ಅಂತ ಬರೆದ ಚೆಕ್ ಕೊಟ್ಟಾರ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೂ ಬದಲಿ ಮಾಡಿಸಬೇಕೇನು?

ಗಿರಿಜಾ, ಧಾರವಾಡ: ಪಗಾರ ನಿಲ್ಲುವುದಿಲ್ಲ. ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ನಂಬರ್ ಮೇಲೆ. ಕಳಿಸುವವರು ಹೆಸರು ಪರಿಶೀಲಿಸಿದರೆ ಹಳೆಯ ಹೆಸರು ಕಾಣುತ್ತದೆ, ಅಷ್ಟೇ. ಆ ಚೆಕ್ ಮಾತ್ರ ಹಳೆಯ ಹೆಸರಿನ ಖಾತೆಗೆ ಹಾಕಬೇಡಿ, ಬರೆದ ದಿನದಿಂದ 3 ತಿಂಗಳು ಅದಕ್ಕೆ ಆಯುಷ್ಯ. ಅಷ್ಟರಲ್ಲಿ ಹೆಸರು ಬದಲಾಗುವುದು ಅನುಮಾನವಿದ್ದರೆ ಕೊಟ್ಟವರಿಂದಲೇ ಬೇರೆ ಬರೆಸಿಕೊಳ್ಳಿ. ಮಾರ್ಕ್ಸ್ ಕಾರ್ಡಿನ ಗೋಜಿಗೆ ಹೋಗಬೇಡಿ. ಅದು ನೀವು ಪಾಸಾದ ದಿನದ ದಾಖಲೆ, ಹಾಗೇ ಇರಲಿ. ಕೇಳಿದ ಕಡೆ ಮದುವೆ ಪತ್ರದ ಜೆರಾಕ್ಸ್ ಜೊತೆಗಿಡಿ. ಅಂದ ಹಾಗೆ, ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಲೇಬೇಕು ಎಂಬ ಕಾನೂನೂ ಇಲ್ಲ. ANGADI ಎಂದೇ ಉಳಿಸಿಕೊಂಡು ಆ ಒಂದು H ಮಾತ್ರ ಸರಿಪಡಿಸಿಕೊಂಡರೆ ಅರ್ಧ ಓಡಾಟ ತಪ್ಪುತ್ತದೆ. ಮನೆಯಲ್ಲಿ ಮಾತಾಡಿ ನೋಡಿ.

ಮಂಜುನಾಥ, ಹಾವೇರಿ: ಗೆಜೆಟ್ ಮಾತು ಒಪ್ಪಿದೆ ಮೇಡಂ. ಆದರ ಮದುವಿ ಸರ್ಟಿಫಿಕೇಟಿನ್ಯಾಗ ಹುಡುಗಿದು ತವರಮನಿ ಹೆಸರೇ ಇರ್ತದ. HIREMATH ಅಂತ ಎಲ್ಲೂ ಬರೆದಿರಂಗಿಲ್ಲ. ಆವಾಗ ‘ಹೆಸರು ಬದಲಾದದ್ದು ತೋರಿಸ್ರಿ’ ಅಂದ್ರ? ಅಫಿಡವಿಟ್ ಬೇಕ ಅಲ್ಲೇನ್ರಿ?

ಗಿರಿಜಾ, ಧಾರವಾಡ: ಇದು ಸರಿಯಾದ ಪ್ರಶ್ನೆ. ಪತ್ರದಲ್ಲಿ ಗಂಡನ ಹೆಸರು MAHESH HIREMATH ಎಂದಿರುವುದರಿಂದ ಹೊಸ ಹೆಸರು ಎಲ್ಲಿಂದ ಬಂತು ಎನ್ನುವುದು ಸ್ಪಷ್ಟ ಅನ್ನುವುದು ನನ್ನ ಓದು, ನಮ್ಮಲ್ಲಿ ಹಾಗೇ ತಗೊಳ್ಳುತ್ತೇವೆ. ‘ಬದಲಾವಣೆ ಸೂಚಿಸುವ’ ಎಂಬ ಮಾತನ್ನು ಬಿಗಿಯಾಗಿ ಓದಿ ಅಫಿಡವಿಟ್ ಕೇಳುವ ಶಾಖೆಗಳೂ ಇವೆ. ಆಧಾರ ಮೊದಲು ಬದಲಾಗಿದ್ದರೆ ಈ ತಕರಾರು ಏಳುವುದೇ ಕಡಿಮೆ.

ಪ್ರಕಾಶ, ಹುಬ್ಬಳ್ಳಿ: ನಾ ಅಂತೂ ಒಂದು ಅಫಿಡವಿಟ್ ಮಾಡಿಸಿ ಇಟ್ಕೋರಿ ಅಂತೀನಿ. ಹಳೇ ಹೆಸರು, ಹೊಸ ಹೆಸರು, ಎರಡೂ ನಾನೇ ಅಂತ. ಬ್ಯಾಂಕಿಗೆ ಬ್ಯಾಡಾದ್ರೂ ಇನ್ನೆಲ್ಲೋ ಕೇಳ್ತಾರ.

ಸವಿತಾ, ಬೆಟಗೇರಿ: ಈಗ ಸರ್ಟಿಫಿಕೇಟ್ ತಗದು ನೋಡಿದೆ. ಅದರಾಗ ಇವರ ಹೆಸರು MAHESHA ಅಂತ ಬಂದೈತ್ರಿ, ಅವರ ಆಧಾರದಾಗ MAHESH.

ಗಿರಿಜಾ, ಧಾರವಾಡ: ಹಾಗಾದರೆ ಆಧಾರ ಸೆಂಟರಿಗೆ ಇನ್ನೂ ಹೋಗಬೇಡಿ. ನೋಂದಣಿಗೆ ಕೊಟ್ಟ ಅರ್ಜಿಯ ಪ್ರತಿ ಹುಡುಕಿ, ಅದರಲ್ಲಿ ನೀವೇ MAHESHA ಎಂದು ಬರೆದಿದ್ದಿರೋ, ಅಲ್ಲಿ ಟೈಪ್ ಮಾಡುವಾಗ A ಸೇರಿತೋ ನೋಡಿ. ಅದನ್ನೂ ಯಜಮಾನರ ಆಧಾರವನ್ನೂ ಹಿಡಿದು ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ.