ಹೀಮೋಲಿಂಫ್ ಜೆಲ್: ಬ್ಯಾಂಡ್ ಹರಡಿಕೊಂಡಿದೆ, ಅಂಚು ಮೇಲೆ ಬಾಗಿದೆ

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು): ನಾಲ್ಕನೇ ಜ್ವರ ಎದ್ದ ರೇಷ್ಮೆಹುಳದ ಹೀಮೋಲಿಂಫ್. ಬ್ರಾಡ್‌ಫೋರ್ಡ್‌ನಲ್ಲಿ ಮಿಲಿಲೀಟರಿಗೆ 48 ಮಿಲಿಗ್ರಾಂ ಬಂತು. 10 ಮೈಕ್ರೋಲೀಟರ್‌ಗೆ ಅಷ್ಟೇ ಸ್ಯಾಂಪಲ್ ಬಫರ್ ಸೇರಿಸಿ, ಕುದಿಸಿ, ಪೂರ್ತಿ ಲೋಡ್ ಮಾಡಿದೆ. 10% ಮಿನಿ ಜೆಲ್, 180 ವೋಲ್ಟ್. ಲೇನ್ ಮೇಲಿಂದ ಕೆಳಗೆ ಒರೆಸಿದ ಹಾಗಿದೆ, ಜೆಲ್ ಪೂರ್ತಿ ನಗ್ತಿದೆ. ಎರಡಕ್ಕೂ ಒಂದೇ ಕಾರಣನಾ ಸರ್?

ಮಂಡ್ಯದ ಸಂಶೋಧನಾ ವಿದ್ಯಾರ್ಥಿ: ಬಿಸಿಲುಗಾಲ ಅಲ್ವಾ, ಟ್ಯಾಂಕ್ ಫ್ರಿಜ್ಜಲ್ಲಿಟ್ಟು ಓಡಿಸಿ. ಎರಡೂ ಸರಿಹೋಗುತ್ತೆ.

ಪ್ರೋಟೀನ್ ಲ್ಯಾಬ್ ನಡೆಸುವವರು, ಮೈಸೂರು: ತಂಪು ಮಾಡಿದರೆ ನಗು ಕಡಿಮೆಯಾಗುತ್ತೆ, ಒರೆಸಿದಂತಿರೋದು ಹೋಗಲ್ಲ. ಫ್ರಿಜ್ಜಲ್ಲಿ ಎಸ್‌ಡಿಎಸ್ ಬಿಳಿ ಪುಡಿಯಾಗಿ ಕೂರಲೂಬಹುದು. ಮೊದಲು ನೀಲಿ ಡೈ ಗೆರೆ ನೋಡಿ. ಗೆರೆಯೇ ಬಾಗಿದ್ದರೆ ಬಿಸಿ: ನಡುವಿನ ಲೇನ್‌ಗಳು ಕಾದು ಬೇಗ ಇಳಿಯುತ್ತವೆ, ಅಂಚಿನವು ಹಿಂದೆ ಉಳಿಯುತ್ತವೆ. ಗೆರೆ ನೆಟ್ಟಗಿದ್ದು ಒಂದೊಂದೇ ಲೇನ್ ಒಳಗೆ ಬ್ಯಾಂಡ್ ಬಾಗಿದ್ದರೆ ಅದು ಅತಿ ಲೋಡ್.

ನಿಮ್ಮ ಲೆಕ್ಕ ನೋಡಿ: 48 × 10, ಅಂದರೆ ಒಂದೇ ಲೇನ್‌ಗೆ 480 ಮೈಕ್ರೋಗ್ರಾಂ. ಕೂಮಾಸಿಗೆ 15 ಸಾಕು. ಅಷ್ಟು ಪ್ರೋಟೀನ್‌ಗೆ ಬಫರಿನ ಎಸ್‌ಡಿಎಸ್ ಸಾಲದೆ ಬರುತ್ತೆ. ಬ್ಯಾಂಡ್ ಚೂಪಾಗಿ ಕೂರದೆ ಎಳೆದುಕೊಂಡು ಹೋಗುತ್ತೆ. ಹೀಮೋಲಿಂಫ್‌ನಲ್ಲಿ ಶೇಖರಣಾ ಪ್ರೋಟೀನ್‌ಗಳೇ ಜಾಸ್ತಿ, ಅಕ್ಕಪಕ್ಕದ ಸಣ್ಣ ಬ್ಯಾಂಡ್‌ಗಳನ್ನೂ ಅವೇ ಮುಚ್ಚಿಬಿಡುತ್ತವೆ. ಹೀಮೋಲಿಂಫ್ 1 ಪಾಲಿಗೆ 49 ಪಾಲು ಸಾದಾ ಬಫರ್ ಬೆರೆಸಿ. ಅದರಲ್ಲಿ 15 ಮೈಕ್ರೋಲೀಟರ್, 4ಎಕ್ಸ್ ಸ್ಯಾಂಪಲ್ ಬಫರ್ 5. 95 ಡಿಗ್ರಿಯಲ್ಲಿ 5 ನಿಮಿಷ, ಒಂದು ಸ್ಪಿನ್, ಮೇಲಿನ ತಿಳಿ ಮಾತ್ರ ಲೋಡ್ ಮಾಡಿ. ಸ್ಟ್ಯಾಕಿಂಗ್‌ನಲ್ಲಿ 80 ವೋಲ್ಟ್, ಆಮೇಲೆ 120.

ಇನ್ನೊಬ್ಬರು: ನನಗೂ ಇದೇ ಆಗಿತ್ತು. ಇ. ಕೋಲಿ ಲೈಸೇಟ್, ಪಿಪೆಟ್ ತುದಿಯಲ್ಲಿ ಸಿಂಬಳದ ಹಾಗೆ ಎಳೆ ಬರ್ತಿತ್ತು. ಸೋನಿಕೇಟ್ ಮಾಡಿದ್ಮೇಲೆ ಸರಿಹೋಯ್ತು.

ಲ್ಯಾಬ್ ನಡೆಸುವವರು: ಅದು ಡಿಎನ್‌ಎ. ಇವರು ಕೋಶಗಳನ್ನ ಸ್ಪಿನ್ ಮಾಡಿ ತೆಗೆದಿದ್ದರೆ ಇಲ್ಲಿ ಆ ಮಾತಿಲ್ಲ.

ಪ್ರಶ್ನೆ ಕೇಳಿದವರು: ತೆಗೆದಿದ್ದೆ ಸರ್. ಡೈ ಗೆರೆಯೂ ಬಾಗಿದೆ. ರನ್ನಿಂಗ್ ಬಫರಿನ ಪಿಎಚ್ 8.6 ತೋರಿಸ್ತು, ಆಸಿಡ್ ಹಾಕಿ 8.3ಕ್ಕೆ ತಂದಿದ್ದೆ.

ಲ್ಯಾಬ್ ನಡೆಸುವವರು: ಆ ಬಫರ್ ಚೆಲ್ಲಿ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಕ್ಲೋರೈಡ್ ಸೇರುತ್ತೆ, ಅದೇ ವೋಲ್ಟ್‌ಗೆ ಕರೆಂಟ್ ಏರುತ್ತೆ, ಜೆಲ್ ಕಾಯುತ್ತೆ. ಲೀಟರಿಗೆ ಟ್ರಿಸ್ 3 ಗ್ರಾಂ, ಗ್ಲೈಸಿನ್ 14.4 ಗ್ರಾಂ, ಎಸ್‌ಡಿಎಸ್ 1 ಗ್ರಾಂ. ತೂಕ ಸರಿಯಿದ್ದರೆ ಪಿಎಚ್ ತಾನೇ 8.3ರ ಹತ್ತಿರ ನಿಲ್ಲುತ್ತೆ, ಮುಟ್ಟೋದು ಬೇಡ. ಹೊರಟ್ಯಾಂಕ್‌ನಲ್ಲೂ ಬಫರ್ ತುಂಬಿರಲಿ, ಜೆಲ್ಲಿನ ಬಿಸಿ ಎಳ್ಕೊಳ್ಳೋದು ಅದೇ.

ಪ್ರಶ್ನೆ ಕೇಳಿದವರು: ನಾಳೆ ಓಡಿಸ್ತೀನಿ. ಸ್ಯಾಂಪಲ್ ಸ್ವಲ್ಪ ಕಪ್ಪಿಟ್ಟಿದೆ, ಪರವಾಗಿಲ್ವಾ?

ಲ್ಯಾಬ್ ನಡೆಸುವವರು: ಅದೇ ಅನುಮಾನ. ಕಪ್ಪಾಗುವಾಗ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕುದಿಸಿದರೂ ಬಿಡಲ್ಲ. ಫಿನೈಲ್‌ಥಯೋಯೂರಿಯಾದ ಒಂದೆರಡು ಹರಳು ಹಾಕಿದ ಟ್ಯೂಬನ್ನ ಐಸ್ ಮೇಲಿಟ್ಟು ಹೊಸದು ತೆಗೆಯಿರಿ. ಅದು ವಿಷ, ಗ್ಲೌಸ್ ಇರಲಿ. ಹಳೇದು, ಹೊಸದು ಎರಡನ್ನೂ 15 ಮೈಕ್ರೋಗ್ರಾಂನಂತೆ ಅಕ್ಕಪಕ್ಕ ಓಡಿಸಿ ಫೋಟೋ ಹಾಕಿ. ಹಳೇದರಲ್ಲಿ ಬಾವಿಯ ಬಾಯಲ್ಲೇ ಬಣ್ಣ ಉಳಿದಿದ್ಯಾ ನೋಡಬೇಕು.