ಅಪ್‌ಡೇಟ್: ರಿವ್ಯೂ ಅಲ್ಲ, ದೂರು ಎಣಿಸಿದೆ

ನಾನು ಕೇಳಿದ್ದು: "ತುಮಕೂರಿನ ನಮ್ಮ ತಟ್ಟೆ ಇಡ್ಲಿ ಹೋಟೆಲಿನ 14 ರಿವ್ಯೂ ಒಂದು ಸ್ಕ್ರೀನ್‌ಶಾಟ್‌ನಲ್ಲಿವೆ. ಯಾವ ದೂರು ಜಾಸ್ತಿ ಅಂತ ಹೇಗೆ ಲೆಕ್ಕ ಹಾಕಲಿ?"

ಮೊದಲು ಒಂದು ರಿವ್ಯೂವನ್ನು ಒಂದೇ ಗುಂಪಿಗೆ ಹಾಕಿದ್ದೆ. ಅದೇ ತಪ್ಪಾಗಿತ್ತು. "ಅರ್ಧ ಗಂಟೆ ಕಾಯಿಸಿದರು, ಪಾರ್ಸೆಲ್ ಚಟ್ನಿ ಬೇರೆ ಸೋರಿತ್ತು" ಅನ್ನುವುದು ಬರೀ ಕಾಯಿಸಿದ್ದರ ಲೆಕ್ಕಕ್ಕೆ ಹೋಗಿತ್ತು. ಈಗ ಎರಡೂ ಗುಂಪಿನಲ್ಲಿ ಒಂದೊಂದು ಗೆರೆ ಎಳೆದು ಎಣಿಸಿದೆ.

ಮೂರು ರಿವ್ಯೂ ಬರೀ ಹೊಗಳಿಕೆ. ಉಳಿದ 11ರಲ್ಲಿ 16 ದೂರು ಸಿಕ್ಕಿತು: ಕಾಯಿಸಿದ್ದು 7, ಪಾರ್ಸೆಲ್ ಸೋರಿದ್ದು 5, ಆರಿದ ಇಡ್ಲಿ 3, ಪಾರ್ಕಿಂಗ್ 1. ಹಳೇ ಲೆಕ್ಕದಲ್ಲಿ ಸೋರಿಕೆ ಬರೀ 1 ಇತ್ತು!

ಎರಡು ರಿವ್ಯೂ "More" ಹತ್ತಿರ ತುಂಡಾಗಿದ್ದವು. ಸುಮ್ನೆ ಊಹಿಸದೆ, ತೆರೆದು ಪೂರ್ತಿ ಓದಿದೆ. ಒಂದರಲ್ಲಿ ಸೋರಿಕೆಯ ದೂರೇ ಇತ್ತು. ನಾಳೆಯಿಂದ ಚಟ್ನಿಗೆ ಮುಚ್ಚಳದ ಡಬ್ಬಿ.