ಸಹಾಯ ಬೇಕು: ಐಸ್ ಮಷೀನಿನ ಇಂಪೇರ್‌ಮೆಂಟ್ ನಷ್ಟ ಎಷ್ಟು, 2 ಲಕ್ಷವೋ 2.81 ಲಕ್ಷವೋ?

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ಮೀನು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮಗೆ ಇಂಡ್ ಎಎಸ್ 36 ಅನ್ವಯಿಸುತ್ತದೆ. ಬೈತಖೋಲ ಬಂದರಿನ ಬೋಟುಗಳಿಗೆ ಐಸ್ ಮಾರಲು ಒಂದು ಮಷೀನ್ ಇದೆ. ಈಗ ಗಡ್ಡೆ ಪೂರ್ತಿ ಕಟ್ಟುವುದಿಲ್ಲ, ಒಡೆದರೆ ನಡುವೆ ನೀರು. ಅರ್ಧ ಬೋಟಿನವರು ಬೇರೆ ಕಡೆ ಹೋಗಿದ್ದಾರೆ.

ಪುಸ್ತಕದಲ್ಲಿ ಮಷೀನಿನ ಬೆಲೆ 18 ಲಕ್ಷ. ಇನ್ನು 4 ವರ್ಷ ಓಡುತ್ತದೆ. ಕರೆಂಟು, ಕೂಲಿ, ರಿಪೇರಿ ಕಳೆದು ವರ್ಷಕ್ಕೆ 5 ಲಕ್ಷ ಕೈಗೆ ಬರಬಹುದು. ಸಾಲದ ಬಡ್ಡಿ, ತೆರಿಗೆ, ಡಿಪ್ರಿಸಿಯೇಷನ್ ಕಳೆದಿಲ್ಲ.

ಮೊದಲು ಸುಮ್ನೆ ಕೂಡಿಸಿದೆ, 20 ಲಕ್ಷ ಬಂತು. 18ಕ್ಕಿಂತ ಜಾಸ್ತಿ, ನಷ್ಟ ಇಲ್ಲ ಅಂದುಕೊಂಡೆ. ಅದು ತಪ್ಪು. ಹಾಗೆ ಕೂಡಿಸಿ ನೋಡುವುದು ಅಮೆರಿಕದ ನಿಯಮದ ಮೊದಲ ಹೆಜ್ಜೆ, ನಮ್ಮಲ್ಲಿ ನೇರವಾಗಿ ಇಂದಿನ ಮೌಲ್ಯಕ್ಕೆ ಇಳಿಸಬೇಕು. ತೆರಿಗೆಗೆ ಮುಂಚಿನ ದರ 12% ಹಿಡಿದಾಗ 15.19 ಲಕ್ಷ ಬಂತು. ಅಂದರೆ 2.81 ಲಕ್ಷ ನಷ್ಟ.

ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಭಟ್ಕಳದ ಒಬ್ಬರು ಇದೇ ಮಷೀನನ್ನು 16.5 ಲಕ್ಷಕ್ಕೆ ಕೇಳಿದ್ದಾರೆ. ಬಿಚ್ಚಿ ಸಾಗಿಸುವ 50 ಸಾವಿರ ನಮ್ಮದು, ಉಳಿಯುವುದು 16 ಲಕ್ಷ. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಹಿಡಿಯಬೇಕು ಅಂತ ನಿಯಮ. ಆದರೆ ನಮ್ಮ ಯಜಮಾನರಿಗೆ ಮಾರುವ ಮನಸ್ಸೇ ಇಲ್ಲ. ಮಾರದ ಮಷೀನಿಗೆ ಮಾರುವ ಬೆಲೆ ಹಿಡಿಯುವುದು ಹೇಗೆ ಅಂತ ಅವರು ಕೇಳುತ್ತಾರೆ. ಅದೂ ನ್ಯಾಯವೇ ಅಲ್ವಾ?

ಮಾರುವ ಯೋಚನೆ ಇಲ್ಲದಿದ್ದರೂ 16 ಲಕ್ಷವನ್ನೇ ಹಿಡಿದು 2 ಲಕ್ಷ ನಷ್ಟ ಬರೆಯಬೇಕಾ? ಹಾಗಿದ್ದರೆ ಒಬ್ಬರೇ ಹೇಳಿದ ಬೆಲೆ ಆಡಿಟರಿಗೆ ಸಾಕಾಗುತ್ತದಾ?